ಅತ್ತಿಗೆ ಕೊಡದ ಮೊದಲ ಪುಟ

ನಮ್ಮ ಅತ್ತಿಗೆಯ ಕೈಗೆ ಸಿಕ್ಕ ಕಾಗದ ಬರಿಮೈಯಲ್ಲಿ ಉಳಿದದ್ದು ಕಡಿಮೆ. ಅಂಕಪಟ್ಟಿ, ಮನೆ ಕರಾರು, ತೀರಿಹೋದ ಅಣ್ಣನ ಡ್ರೈವಿಂಗ್ ಲೈಸೆನ್ಸು, ಕೊನೆಗೆ ಯಾವತ್ತೋ ಗುಜರಿಗೆ ಹೋದ ಮಿಕ್ಸಿಯ ವಾರಂಟಿ ಕಾರ್ಡು, ಎಲ್ಲವೂ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿವೆ. ಅವರದು ಜೆರಾಕ್ಸ್ ಮತ್ತು ಲ್ಯಾಮಿನೇಷನ್ ಅಂಗಡಿ. ನ್ಯಾಯಾಲಯದ ಹಿಂದಿನ ಬೀದಿಯಲ್ಲಿ, ಒಂದು ಮೇಜು, ಎರಡು ಯಂತ್ರ, ಒಂದು ಫ್ಯಾನು ಹಿಡಿಸುವಷ್ಟು ಜಾಗ. ಮೂರನೆಯವರು ಒಳಗೆ ಬಂದರೆ ಒಬ್ಬರು ಹೊರಗೆ ಹೋಗಬೇಕು. ಹಾಗೆ ಹೊರಗೆ ಹೋಗುವವಳು ಸಾಮಾನ್ಯವಾಗಿ ನಾನೇ.

ನಾನು ಅವರ ನಾದಿನಿ. ಮದುವೆಯಾಗಲಿಲ್ಲ, ಅದರ ಬಗ್ಗೆ ನನಗೇನೂ ಬೇಜಾರಿಲ್ಲ. ಅಣ್ಣ ಹೋದ ಮೇಲೆ ಮನೆಯಲ್ಲೂ ಅಂಗಡಿಯಲ್ಲೂ ನಾವಿಬ್ಬರೇ. ನಾದಿನಿ ಅತ್ತಿಗೆ ಒಂದೇ ಸೂರಿನಡಿ ಇಷ್ಟು ವರ್ಷ ಹೇಗಿದ್ದೀರಿ ಎಂದು ಜನ ಕೇಳುತ್ತಾರೆ. ಜಗಳವಾಡಿಕೊಂಡೇ ಇದ್ದೇವೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವರಿಗೆ ಕೋಪವೇ ಬರುವುದಿಲ್ಲ, ಬದಲಿಗೆ ಹಠ ಬರುತ್ತದೆ. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ನನಗೆ ಚೆನ್ನಾಗಿ ಗೊತ್ತು.

ಯಂತ್ರದ ಮುಚ್ಚಳ ಎತ್ತಿ ಇಳಿಸಿ, ಎತ್ತಿ ಇಳಿಸಿ ಅವರ ಬಲಭುಜ ಯಾವತ್ತೋ ಕೆಟ್ಟಿತ್ತು. ಬಿಪಿ ಇತ್ತು, ಸಕ್ಕರೆ ಕಾಯಿಲೆಯೂ ಇತ್ತು. ಇದಕ್ಕೆಲ್ಲ ನಮ್ಮ ಡಾಕ್ಟರಮ್ಮ ಬರೆದುಕೊಟ್ಟ ಔಷಧಿ ಚೀಟಿಯನ್ನು ಅತ್ತಿಗೆ ಅವತ್ತೇ ಲ್ಯಾಮಿನೇಟ್ ಮಾಡಿಸಿದ್ದರು, ಅಂದರೆ ತಾವೇ ಮಾಡಿಕೊಂಡಿದ್ದರು. ತಿಂಗಳು ತಿಂಗಳು ಆ ಹಲಗೆಯಂಥ ಚೀಟಿಯನ್ನು ಮೆಡಿಕಲ್ ಶಾಪಿನವನ ಮುಂದೆ ಹಿಡಿಯುವುದು, ಅವನು ಅದನ್ನು ನೋಡಿದಂತೆ ಮಾಡಿ ಅದೇ ಮಾತ್ರೆಗಳನ್ನು ಎಣಿಸಿ ಕೊಡುವುದು. ಆರು ವರ್ಷ ಹೀಗೇ ನಡೆಯಿತು.

ಡಾಕ್ಟರಮ್ಮನೆಂದರೆ ಅತ್ತಿಗೆಗೆ ದೇವರಿಗಿಂತ ಒಂದು ಕೈ ಹೆಚ್ಚು. ಅಣ್ಣ ಹಾಸಿಗೆ ಹಿಡಿದ ಕೊನೆಯ ತಿಂಗಳಲ್ಲಿ, ಆಸ್ಪತ್ರೆಯವರು ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದಾಗ, ದಿನಾ ಸಂಜೆ ಕ್ಲಿನಿಕ್ ಮುಚ್ಚಿ ನಮ್ಮ ಮನೆಯ ಮೆಟ್ಟಿಲು ಹತ್ತಿ ಬರುತ್ತಿದ್ದವರು ಅವರು. ಆಗಲೇ ಅವರ ಮಂಡಿ ಸರಿ ಇರಲಿಲ್ಲ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಆದರೂ ಒಂದು ಸಂಜೆಯೂ ತಪ್ಪಿಸಲಿಲ್ಲ.

ಈ ಸಲದ ಬೇಸಿಗೆಯಲ್ಲಿ ಅತ್ತಿಗೆಗೆ ವಾಂತಿ ಭೇದಿ ಶುರುವಾಯಿತು. ಆಸ್ಪತ್ರೆಗೆ ಹೋಗೋಣ ಎಂದೆ, ಜಪ್ಪಯ್ಯ ಎಂದರೂ ಏಳಲಿಲ್ಲ. ಹೊಟ್ಟೆಯಲ್ಲಿ ನೀರು ನಿಲ್ಲುತ್ತಿರಲಿಲ್ಲ, ಆದರೂ ಮಾತ್ರೆಗಳನ್ನು ಮಾತ್ರ ಒಂದೂ ತಪ್ಪಿಸದೆ ನುಂಗಿದರು. ಮೂರನೆಯ ದಿನ ಬೆಳಿಗ್ಗೆ ಹಿಂದಿನ ಮಧ್ಯಾಹ್ನದಿಂದ ಮೂತ್ರವೇ ಆಗಿಲ್ಲ ಎಂದರು, ಏನೋ ಬಸ್ಸು ತಡವಾಯಿತು ಎನ್ನುವ ಹಾಗೆ. ನಾನು ಆಟೋ ತಂದು ಅವರನ್ನು ಅಕ್ಷರಶಃ ಎತ್ತಿ ಹಾಕಿಕೊಂಡು ಹೋದೆ.

ದೊಡ್ಡ ಆಸ್ಪತ್ರೆಯ ಕಿಡ್ನಿ ಡಾಕ್ಟರು ಚಿಕ್ಕ ವಯಸ್ಸಿನವರು. ವೇಗವಾಗಿ ನಡೆಯುವ, ನಿಧಾನವಾಗಿ ಮಾತನಾಡುವ ಮನುಷ್ಯ. ರಕ್ತದಲ್ಲಿ ಒಂದರ ಆಸುಪಾಸು ಇರಬೇಕಾದ ಕ್ರಿಯಾಟಿನಿನ್ ನಾಲ್ಕು ದಾಟಿದೆ, ಕಿಡ್ನಿ ಸದ್ಯಕ್ಕೆ ಕೆಲಸ ನಿಲ್ಲಿಸುವ ಹಂತಕ್ಕೆ ಬಂದಿದೆ ಎಂದರು. ಡ್ರಿಪ್ ಹಾಕಿದರು, ಮೂತ್ರ ಅಳೆದರು, ದಿನಾ ರಕ್ತ ತೆಗೆದರು. ನಾನು ವಾರ್ಡಿನ ಹೊರಗೆ ಕೂತಲ್ಲಿ ಕೂರಲಾರದೆ ನಿಂತಲ್ಲಿ ನಿಲ್ಲಲಾರದೆ ಆ ಉದ್ದನೆಯ ಪಡಸಾಲೆಯನ್ನು ಅಳೆದೆ. ಡಯಾಲಿಸಿಸ್ ಬೇಕಾಗಬಹುದು ಎಂದವರು ಕೊನೆಗೆ ಬೇಡ ಎಂದರು. ಕ್ರಿಯಾಟಿನಿನ್ ಇಳಿಯುತ್ತಾ ಬಂದು ಒಂದು ಪಾಯಿಂಟ್ ಆರಕ್ಕೆ ನಿಂತುಬಿಟ್ಟಿತು. ಅಲ್ಲಿಂದ ಕೆಳಗೆ ಇಳಿಯಲಿಲ್ಲ.

ಬಿಡುಗಡೆಯ ದಿನ ಕಿಡ್ನಿ ಡಾಕ್ಟರು ನನ್ನನ್ನು ಕೂರಿಸಿಕೊಂಡು ವಿವರಿಸಿದರು.

"ಕಿಡ್ನಿ ಕಾಯಿಲೆಗೆ ಐದು ಹಂತ ಇದೆ. ಮೂರನೇದರಲ್ಲಿ ಎ, ಬಿ ಅಂತ ಎರಡು ಭಾಗ. ಹೋದ ವರ್ಷದ ರಿಪೋರ್ಟ್ ಪ್ರಕಾರ ಇವರ ಕಿಡ್ನಿ ನೂರಕ್ಕೆ ಐವತ್ತೆರಡರಷ್ಟು ಕೆಲಸ ಮಾಡ್ತಿತ್ತು, ಮೂರು ಎ. ಈಗ ಮೂವತ್ತೇಳು. ಮೂರು ಬಿ. ಮೂರು ತಿಂಗಳು ಕಳೆದ ಮೇಲೆ ಮತ್ತೆ ನೋಡಿದ್ರೆನೇ ಇದು ಖಾಯಂ ಹಂತ ಹೌದೋ ಅಲ್ವೋ ಅಂತ ಹೇಳೋಕಾಗೋದು."

"ಯಾಕೆ ಹೀಗಾಯ್ತು ಡಾಕ್ಟ್ರೇ? ವಾಂತಿ ಭೇದಿ ಎಲ್ರಿಗೂ ಆಗುತ್ತಪ್ಪ."

"ಮೈಯಲ್ಲಿ ನೀರಿಲ್ಲ. ಅದರ ಮೇಲೆ ಬಿಪಿ ಮಾತ್ರೆ ರಾಮಿಪ್ರಿಲ್, ಮೂತ್ರ ಹೆಚ್ಚಿಸೋ ಮಾತ್ರೆ, ನೋವಿನ ಮಾತ್ರೆ. ಮೂರೂ ಸೇರಿ ಹೊಡೆದ್ವು. ನೋವಿನ ಮಾತ್ರೆ ಎಷ್ಟು ದಿನದಿಂದ ತಗೋತಿದ್ದಾರೆ?"

ನಾನು ತಿಳಿದದ್ದನ್ನು ಹೇಳಿದೆ. ಆರು ವರ್ಷದಿಂದ, ದಿನಕ್ಕೆರಡು, ನಮ್ಮ ಡಾಕ್ಟರಮ್ಮ ಬರೆದುಕೊಟ್ಟಿದ್ದು. ಚೀಟಿ ಮನೆಯಲ್ಲಿತ್ತು, ನನ್ನ ಹತ್ತಿರ ಇರಲಿಲ್ಲ. ಅವರು ಒಂದು ಕ್ಷಣ ಪೆನ್ನು ನಿಲ್ಲಿಸಿ, ಮತ್ತೆ ಬರೆದುಕೊಂಡರು.

ಡಾಕ್ಟರಮ್ಮನ ಹೆಸರಿಗೆ ಬರೆದ ಪತ್ರ, ಎರಡು ಪುಟ, ಲಕೋಟೆಯೊಳಗೆ ನಮ್ಮ ಕೈಗೆ ಬಂತು. ಇದನ್ನು ನಾಳೆಯೇ ಅವರಿಗೆ ಕೊಡಿ, ಒಂದು ವಾರಕ್ಕೆ ರಕ್ತ ಪರೀಕ್ಷೆ ಆಗಲೇಬೇಕು, ಅದನ್ನು ನೋಡಿ ಅವರು ಮುಂದಿನ ಔಷಧಿ ತೀರ್ಮಾನ ಮಾಡುತ್ತಾರೆ ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಮನೆಗೆ ಬಂದು ನಾನು ನೀರು ಕಾಯಿಸುವಷ್ಟರಲ್ಲಿ ಅತ್ತಿಗೆ ಲಕೋಟೆ ಒಡೆದಾಗಿತ್ತು. ಯಾವ ಕಾಗದವನ್ನೂ ತಲೆಯಿಂದ ಬುಡದವರೆಗೆ ಓದದೆ ಅವರು ಯಂತ್ರಕ್ಕೆ ಕೊಟ್ಟವರಲ್ಲ, ಗಿರಾಕಿಗಳದ್ದನ್ನೂ ಓದುತ್ತಾರೆ. ಇಡೀ ಬೀದಿಯ ವ್ಯಾಜ್ಯ ಅವರಿಗೆ ಬಾಯಿಪಾಠ. ಓದಿ ಮುಗಿಸಿ ಅವರು ಮೊದಲ ಪುಟವನ್ನು ಮಡಿಚಿ ದಿಂಬಿನ ಕೆಳಗೆ ಇಟ್ಟರು.

"ಇದನ್ನ ಡಾಕ್ಟರಮ್ಮಂಗೆ ಕೊಡೋದು ಬೇಡ."

"ಯಾಕೆ?"

"ಓದಿ ನೋಡು."

ಮೊದಲ ಪುಟದಲ್ಲಿ ಕಾಯಿಲೆಯ ಕಥೆ ಇತ್ತು. ನಡುವೆ ಒಂದು ಸಾಲು: ‘ಕುಟುಂಬ ವೈದ್ಯರ ಚೀಟಿಯ ಮೇರೆಗೆ ಆರು ವರ್ಷಗಳಿಂದ ನಿರಂತರವಾಗಿ ಡೈಕ್ಲೋಫೆನಾಕ್ ಸೇವಿಸುತ್ತಿದ್ದರೆಂದು ಮನೆಯವರು ತಿಳಿಸಿದ್ದಾರೆ. ಕಿಡ್ನಿಗೆ ಹಾನಿಯಾಗಲು ಇದೂ ಒಂದು ಕಾರಣ.’

"ಮನೆಯವರು ಅಂದ್ರೆ ನೀನು" ಎಂದರು ಅತ್ತಿಗೆ. "ಆ ಹುಡುಗನ ಹತ್ರ ಹೋಗಿ ಡಾಕ್ಟರಮ್ಮನ ಮೇಲೆ ಚಾಡಿ ಹೇಳಿ ಬಂದಿದ್ದೀಯ."

"ಅತ್ತಿಗೆ, ಅವ್ರು ಕೇಳಿದ್ರು, ನಾನು ಹೇಳ್ದೆ. ಚಾಡಿ ಎಲ್ಲಿ ಬಂತು ಇದ್ರಲ್ಲಿ?"

"ಈ ವಯಸ್ಸಲ್ಲಿ ಅವ್ರು ಇದನ್ನ ಓದ್ಬೇಕಾ? ನಿಮ್ಮಣ್ಣನ್ನ ನೋಡ್ಕೊಂಡ ಕೈಗೆ ನಾನು ಇದನ್ನ ಕೊಡ್ಲಾ? ನನ್ನ ಕಿಡ್ನಿ ತಾನೇ, ನಾನು ನೋಡ್ಕೋತೀನಿ ಬಿಡು."

ಎರಡನೆಯ ಪುಟದಲ್ಲಿ ಔಷಧಿಯ ಪಟ್ಟಿ ಇತ್ತು. ಅದೊಂದು ಸಾಕು ಎಂದು ಮರುದಿನವೇ ಅಂಗಡಿಗೆ ಹೋಗಿ, ಅದನ್ನು ಲ್ಯಾಮಿನೇಟ್ ಮಾಡಿ, ಅಡುಗೆ ಮನೆಯ ಮೊಳೆಗೆ ನೇತುಹಾಕಿದರು. ಆಸ್ಪತ್ರೆಯಿಂದ ಬಂದು ಇನ್ನೂ ನೆಟ್ಟಗೆ ನಿಲ್ಲಲಾರದ ಹೆಂಗಸು!

ಪಟ್ಟಿ ಹೀಗಿತ್ತು. ನೋವಿನ ಮಾತ್ರೆ ಇನ್ನು ಯಾವತ್ತೂ ಬೇಡ, ಬೇಕಾದರೆ ಪ್ಯಾರಾಸಿಟಮಾಲ್. ಸಕ್ಕರೆಯ ಮೆಟ್‌ಫಾರ್ಮಿನ್ ಹೊತ್ತಿಗೆ ಸಾವಿರ ಇದ್ದದ್ದು ಐನೂರು. ಬಿಪಿಯ ಅಮ್ಲೋಡಿಪಿನ್ ಇದ್ದ ಹಾಗೇ. ರಾಮಿಪ್ರಿಲ್ ಮತ್ತು ಮೂತ್ರದ ಮಾತ್ರೆ ಸದ್ಯಕ್ಕೆ ನಿಲ್ಲಿಸಿದೆ. ಒಂದು ವಾರಕ್ಕೆ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿ, ಸರಿಯಿದ್ದರೆ ರಾಮಿಪ್ರಿಲ್ ಅನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡುವುದು. ಮೂರು ತಿಂಗಳಿಗೆ ಮತ್ತೆ ಕಿಡ್ನಿಯ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ. ಇನ್ನೊಮ್ಮೆ ವಾಂತಿ ಭೇದಿಯಾದರೆ ರಾಮಿಪ್ರಿಲ್, ಮೆಟ್‌ಫಾರ್ಮಿನ್ ನಿಲ್ಲಿಸಿ ಕೂಡಲೇ ವೈದ್ಯರಿಗೆ ಫೋನು.

ಅತ್ತಿಗೆ ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದರು, ನಿಲ್ಲಿಸಿದೆ ಎಂದಲ್ಲಿ ನಿಲ್ಲಿಸಿಯೇಬಿಟ್ಟರು. ‘ಸದ್ಯಕ್ಕೆ’ ಎಂಬುದು ಅವರ ಲೆಕ್ಕಕ್ಕೇ ಬರಲಿಲ್ಲ. ವಾರ ಕಳೆಯಿತು. ಪರೀಕ್ಷೆ ಎಂದೆ. ಬರೆದುಕೊಡಬೇಕಾದವರು ಡಾಕ್ಟರಮ್ಮ, ಅವರ ಹತ್ತಿರ ಹೋದರೆ ಪತ್ರ ಕೇಳುತ್ತಾರೆ ಎಂದರು. ಇನ್ನೂ ಒಂದು ವಾರ ಹೋಯಿತು. ನಾನು ಬೇರೆ ಡಾಕ್ಟರ ಹತ್ತಿರ ಹೋಗೋಣ ಎಂದೆ. ಅದಕ್ಕೆ ಅವರು ನನ್ನನ್ನು ನೋಡಿದ ನೋಟ, ನಾನು ಅಣ್ಣನ ಫೋಟೋ ಮಾರಿಬಿಡೋಣ ಎಂದಿದ್ದರೂ ಹಾಗೆ ಇರುತ್ತಿರಲಿಲ್ಲ.

ನನಗೆ ತಲೆ ಕೆಟ್ಟು ಹೋಯಿತು. ಅಂಗಡಿಯಲ್ಲಿ ಒಂದರ ಬದಲು ಹತ್ತು ಪ್ರತಿ ತೆಗೆದೆ, ಗಿರಾಕಿಗಳ ಮೇಲೆ ರೇಗಿದೆ, ಒಬ್ಬ ವಕೀಲರ ಮೂಲ ಪತ್ರವನ್ನು ಯಂತ್ರದಲ್ಲೇ ಬಿಟ್ಟು ಇನ್ನೊಬ್ಬರಿಗೆ ಕೊಟ್ಟುಬಿಟ್ಟೆ. ದಿನವಿಡೀ ಅವರ ಕಾಲನ್ನೇ ನೋಡುತ್ತಿದ್ದೆ. ಸಂಜೆಯಾದರೆ ಪಾದ ಊದಿಕೊಳ್ಳುತ್ತಿತ್ತು, ಚಪ್ಪಲಿಯ ಪಟ್ಟಿ ಅಚ್ಚು ಒತ್ತುತ್ತಿತ್ತು. ಬೆಳಿಗ್ಗೆ ತಲೆನೋವು ಎಂದು ಹಣೆ ಒತ್ತಿಕೊಂಡು ಏಳುತ್ತಿದ್ದರು. ನಾಲ್ಕನೆಯ ಹಂತ ಯಾವಾಗ ಬರುತ್ತದೆ, ಬಂದರೆ ಬಾಗಿಲು ತಟ್ಟಿ ಬರುತ್ತದೆಯೇ, ಮುಖದಲ್ಲಿ ಗೊತ್ತಾಗುತ್ತದೆಯೇ ಎಂದು ನಾನು ಅನ್ನ ಕಲಸುತ್ತಾ ಯೋಚಿಸುತ್ತಿದ್ದೆ. ಇದ್ದ ಮೂವತ್ತೇಳು ಮನೆಯೊಳಗೇ ಎಲ್ಲೋ ಸೋರಿಹೋಗುತ್ತಿದೆ, ನಾನು ಮಾತ್ರ ಬಿಂದಿಗೆ ಹಿಡಿಯದೆ ನೋಡುತ್ತಾ ಕೂತಿದ್ದೇನೆ ಅನಿಸುತ್ತಿತ್ತು.

ಒಂದು ಬೆಳಿಗ್ಗೆ ಅವರು ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟರು. ಸಾಕು ಎಂದೆ. ಈಗ ಬರದಿದ್ದರೆ ಡಾಕ್ಟರಮ್ಮನನ್ನೇ ಈ ಮೆಟ್ಟಿಲು ಹತ್ತಿಸಿ ಕರೆದುಕೊಂಡು ಬರುತ್ತೇನೆ, ಅವರ ಮಂಡಿ ಹಾಳಾದರೆ ಅದು ನಿಮ್ಮ ತಲೆಗೆ ಎಂದೆ. ಆ ಮಾತು ತಾಗಿತು. ಆದರೆ ಷರತ್ತು ಹಾಕಿದರು. ಎರಡನೆಯ ಪುಟ ಮಾತ್ರ ತೋರಿಸುವುದು, ಮೊದಲನೆಯ ಪುಟದ ಸುದ್ದಿ ಎತ್ತಕೂಡದು. ಹೂಂ ಎಂದೆ. ಹೂಂ ಎನ್ನುವುದಕ್ಕೆ ನನಗೆ ಕಷ್ಟವಿಲ್ಲ.

ಅವರು ಸೀರೆ ಉಡಲು ಹೋದಾಗ ದಿಂಬಿನ ಕೆಳಗಿನ ಪುಟ ತೆಗೆದು ನನ್ನ ಚೀಲದಲ್ಲಿ ಹಾಕಿಕೊಂಡೆ. ಡಾಕ್ಟರಮ್ಮ ಹಳೆಯ ಚೀಟಿ ಕೇಳಬಹುದೆಂದು ಅದನ್ನೂ ಮಾತ್ರೆ ಡಬ್ಬಿಯಿಂದ ತೆಗೆದೆ. ಆರು ವರ್ಷದಿಂದ ಕಣ್ಣೆದುರಿಗಿದ್ದ ಚೀಟಿ, ಕಿಟಕಿಯ ಬೆಳಕಿಗೆ ಹಿಡಿದು ನಾನು ಓದಿದ್ದು ಅದೇ ಮೊದಲು. ಡೈಕ್ಲೋಫೆನಾಕಿನ ಮುಂದೆ, ಡಾಕ್ಟರಮ್ಮನ ಸಣ್ಣ ಅಕ್ಷರದಲ್ಲಿ, ‘ಐದು ದಿನ’ ಎಂದಿತ್ತು.

ಐದು ದಿನಕ್ಕೆಂದು ಬರೆದದ್ದು ಪ್ಲಾಸ್ಟಿಕ್ಕಿನೊಳಗೆ ಹೋಗಿ ಆರು ವರ್ಷ ಬಾಳಿತ್ತು. ಕಿಡ್ನಿ ಡಾಕ್ಟರಿಗೆ ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಇದನ್ನು ತೋರಿಸಿದರೆ ಡಾಕ್ಟರಮ್ಮನ ಮೇಲಿನ ಮಾತು ಹಗುರಾಗುತ್ತದೆ, ಅತ್ತಿಗೆಯ ಮೇಲೆ ಬೀಳುತ್ತದೆ. ತೋರಿಸದಿದ್ದರೆ ಆ ಸಾಲು ಹಾಗೇ ನಿಲ್ಲುತ್ತದೆ. ದಾರಿಯುದ್ದಕ್ಕೂ ಆ ಎರಡು ಕಾಗದ ನನ್ನ ಚೀಲದಲ್ಲಿ ಕೆಂಡದ ಹಾಗಿದ್ದವು. ಅತ್ತಿಗೆ ಪಕ್ಕದಲ್ಲಿ ಏನೂ ಆಗದವರಂತೆ ಕೂತು, ಆಟೋದವನಿಗೆ ದಾರಿ ಹೇಳುತ್ತಿದ್ದರು.

ಕ್ಲಿನಿಕ್ಕಿನಲ್ಲಿ ಬೆಂಚು ತುಂಬಿತ್ತು. ಕೆಮ್ಮುವ ಮಗು, ಬ್ಯಾಂಡೇಜಿನ ಹೆಬ್ಬೆರಳು, ಫೋನಿನಲ್ಲಿ ಗಟ್ಟಿಯಾಗಿ ಜಗಳವಾಡುವ ಗಂಡಸು. ನಾನು ಎದ್ದೆ, ಕೂತೆ, ತೂಕದ ಯಂತ್ರದ ಮೇಲೆ ಹತ್ತಿ ಇಳಿದೆ. "ಅಂಡು ಸುಟ್ಟ ಬೆಕ್ಕಿನ ಥರ ಆಡ್ಬೇಡ" ಎಂದು ಅತ್ತಿಗೆ ಗದರಿದರು.

ಡಾಕ್ಟರಮ್ಮ ಮೊದಲು ಬೈದರು. ಆಸ್ಪತ್ರೆಗೆ ಸೇರಿದ್ದು ಮೆಡಿಕಲ್ ಶಾಪಿನವನಿಂದ ಗೊತ್ತಾಗಬೇಕಾ ನನಗೆ ಎಂದು. ಆಮೇಲೆ ಬಿಪಿ ಪಟ್ಟಿ ಸುತ್ತಿದರು. ನೋಡಿದರು. ಮತ್ತೆ ಸುತ್ತಿ ನೋಡಿದರು. ನೂರ ಎಪ್ಪತ್ತೆಂಟು, ಕೆಳಗೆ ನೂರು. ಬೆರಳಿನಿಂದ ಕಣಕಾಲು ಒತ್ತಿದರು, ಗುಳಿ ಬಿತ್ತು.

"ಬಿಡುಗಡೆ ಪತ್ರ ಎಲ್ಲಿ?"

ಅತ್ತಿಗೆ ಪ್ಲಾಸ್ಟಿಕ್ ಹಾಕಿದ ಎರಡನೆಯ ಪುಟ ಕೊಟ್ಟರು. ಡಾಕ್ಟರಮ್ಮ ಓದಿದರು. ರಾಮಿಪ್ರಿಲ್ ಸಾಲಿನ ಮೇಲೆ ಪೆನ್ನು ಇಟ್ಟು ಏನೋ ಬರೆಯಹೋದರು. ಪೆನ್ನು ಜಾರಿತು, ಶಾಯಿ ಹಿಡಿಯಲಿಲ್ಲ.

"ಇದು ಒಂದು ವಾರದ ಪಟ್ಟಿ ಕಣಮ್ಮ. ವಾರಕ್ಕೆ ನೋಡಿ ಬದಲಾಯಿಸಿ ಅಂತ ನನಗೆ ಬರೆದಿರೋದು. ನೀವು ಇದಕ್ಕೆ ಬಟ್ಟೆ ಹೊದಿಸಿ ತಿಂಗಳು ಸಾಕಿದ್ದೀರ. ಮೈಯಲ್ಲಿ ನೀರಿದ್ದಾಗ ಕಿಡ್ನಿ ಉಳಿಸೋದು ಈ ರಾಮಿಪ್ರಿಲ್ಲೇ, ಅದೇ ಇಷ್ಟು ದಿನ ಇಲ್ಲ, ಬಿಪಿ ಏರಿ ಕೂತಿದೆ. ಬಿಪಿ ಹೀಗಿದ್ರೆ ಇರೋ ಕಿಡ್ನಿನೂ ಹೋಗುತ್ತೆ. ಮೊದಲ ಪುಟ ಎಲ್ಲಿ?"

"ಇದೊಂದೇ ಕೊಟ್ಟಿದ್ದು ಡಾಕ್ಟರಮ್ಮ."

"ಕೆಳಗೆ ಎರಡರಲ್ಲಿ ಎರಡನೇ ಪುಟ ಅಂತ ಇದೆಯಲ್ಲ."

ನಾನು ಚೀಲದ ಜಿಪ್ಪು ಎಳೆದೆ. ಆ ಸದ್ದಿಗೆ ಅತ್ತಿಗೆ ತಿರುಗಿ ನನ್ನ ಮೊಣಕೈ ಹಿಡಿದರು, ಬೇಡ ಎನ್ನುವ ಹಾಗೆ. ಆ ಕೈಯಲ್ಲಿ ಶಕ್ತಿಯೇ ಇರಲಿಲ್ಲ. ಎಷ್ಟೋ ವರ್ಷ ಯಂತ್ರದ ಮುಚ್ಚಳ ಎತ್ತಿದ ಕೈ. ನನಗೆ ಅಳು ಬಂತು, ಬಂದ ಸಿಟ್ಟಿನಲ್ಲೇ ಎರಡೂ ಕಾಗದವನ್ನು ಮೇಜಿನ ಮೇಲೆ ಇಟ್ಟೆ.

ಡಾಕ್ಟರಮ್ಮ ಪುಟವನ್ನು ಓದಿದರು. ಆ ಸಾಲಿಗೆ ಬಂದಾಗ ನನಗೆ ಗೊತ್ತಾಯಿತು, ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಹಳೆಯ ಚೀಟಿಯನ್ನು ಟೇಬಲ್ ಲ್ಯಾಂಪಿನ ಕೆಳಗೆ ಹಿಡಿದರು.

"ಐದು ದಿನ ಅಂತ ಬರೆದಿದ್ದೀನಿ."

"ಪ್ಲಾಸ್ಟಿಕ್ ಹೊಳಪಲ್ಲಿ ಕಾಣಿಸ್ಲಿಲ್ಲ ಡಾಕ್ಟರಮ್ಮ" ಎಂದರು ಅತ್ತಿಗೆ, ನೆಲ ನೋಡುತ್ತಾ.

ಡಾಕ್ಟರಮ್ಮ ಚೀಟಿಯನ್ನು ಮೇಜಿನ ಮೇಲಿಟ್ಟರು. "ಪ್ರತಿ ಸಲ ಬಂದಾಗ್ಲೂ, ಮಾತ್ರೆ ಎಲ್ಲ ಅದೇ ತಾನೇ ಅಂತ ಕೇಳಿದ್ದೀನಿ. ಅದೇ ಅಂದಿದ್ದೀರ. ಯಾವುದು ಯಾವುದು ಅಂತ ಒಂದು ಸಲ ಡಬ್ಬಿ ತರಿಸಿ ನೋಡ್ಲಿಲ್ಲ. ಹೋದ ವರ್ಷ ರಿಪೋರ್ಟಲ್ಲಿ ಐವತ್ತೆರಡು ಬಂದಾಗ್ಲಾದ್ರೂ ಕೇಳ್ಬೇಕಿತ್ತು. ತಪ್ಪು ನಂದೇ."

"ಹಾಗನ್ಬೇಡಿ" ಎಂದರು ಅತ್ತಿಗೆ. ಆ ದನಿ ನಾನು ಅಣ್ಣ ಹೋದ ದಿನ ಕೇಳಿದ್ದು. "ನಿಮ್ದು ತಪ್ಪು ಅಂದ್ರೆ ನಾನು ಯಾರನ್ನ ನಂಬ್ಕೊಂಡಿರ್ಲಿ?"

ಡಾಕ್ಟರಮ್ಮ ರಕ್ತ ಪರೀಕ್ಷೆಗೆ ಬರೆದರು. ಅವತ್ತೇ ಕೊಟ್ಟೆವು. ಆ ಸಂಜೆ ಮತ್ತು ಮರುದಿನ ಬೆಳಿಗ್ಗೆ ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಲ್ಯಾಬಿಗೆ ಫೋನು ಮಾಡಿ ಮಾಡಿ ಅಲ್ಲಿನ ಹುಡುಗಿ ನನ್ನ ನಂಬರು ನೋಡಿದರೆ ಎತ್ತುವುದನ್ನೇ ಬಿಟ್ಟಳು. ಕೊನೆಗೆ ರಿಪೋರ್ಟು ಬಂತು. ಕ್ರಿಯಾಟಿನಿನ್ ಒಂದು ಪಾಯಿಂಟ್ ಆರು, ಅಲ್ಲೇ ಇದೆ. ಪೊಟ್ಯಾಸಿಯಂ ನಾಲ್ಕು ಪಾಯಿಂಟ್ ಏಳು, ಗಡಿಯೊಳಗಿದೆ. ಡಾಕ್ಟರಮ್ಮ ರಾಮಿಪ್ರಿಲ್ ಎರಡೂವರೆ ಮಿಲಿಗ್ರಾಮಿನಿಂದ ಶುರು ಮಾಡಿದರು, ಈ ಮಾತ್ರೆ ಪೊಟ್ಯಾಸಿಯಂ ಏರಿಸಬಹುದು, ಆದ್ದರಿಂದ ಹತ್ತು ದಿನಕ್ಕೆ ಮತ್ತೆ ರಕ್ತ ಎಂದರು. ಅದೂ ಸರಿ ಬಂತು. ನಿಧಾನವಾಗಿ ಬಿಪಿ ಇಳಿಯಿತು, ಪಾದದ ಊತ ಇಳಿಯಿತು.

ಇಳಿಯದೇ ಉಳಿದದ್ದು ಅತ್ತಿಗೆಯ ಚಡಪಡಿಕೆ. ಅದು ನನ್ನಿಂದ ಅವರಿಗೆ ದಾಟಿಕೊಂಡಿತ್ತು. ಡಾಕ್ಟರಮ್ಮನ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದರು. ಗಿರಾಕಿಗಳ ಕಾಗದ ಓದುವುದನ್ನು ಬಿಟ್ಟರು. ಒಂದು ದಿನ ಮೆಡಿಕಲ್ ಶಾಪಿನವನು, ಪಾಪ ವಯಸ್ಸಾಯ್ತಲ್ಲ ಆ ಡಾಕ್ಟರಿಗೆ, ಏನೇನೋ ಬರೆದುಬಿಡ್ತಾರೆ ಎಂದ. ಅತ್ತಿಗೆ, ಕೋಪವೇ ಬರದ ಅತ್ತಿಗೆ, ಅವನ ಅಂಗಡಿಯ ಮುಂದೆ ನಿಂತು ನಾನೂ ಕಿವಿ ಮುಚ್ಚಿಕೊಳ್ಳುವ ಹಾಗೆ ಕೂಗಾಡಿ ಬಂದರು. ಮನೆಗೆ ಬಂದು ಮಲಗಿಬಿಟ್ಟರು.

ಮೂರು ತಿಂಗಳ ಪರೀಕ್ಷೆಯಾಯಿತು. ಅಂಕಿ ಮೂವತ್ತೆಂಟು. ಮೂತ್ರದಲ್ಲಿ ಸ್ವಲ್ಪ ಪ್ರೋಟೀನ್ ಇದೆ.

"ಮೂರು ಬಿ ಅಂತಲೇ ಖಾಯಂ ಆಯ್ತು" ಎಂದರು ಡಾಕ್ಟರಮ್ಮ. "ಹಳೇ ಐವತ್ತೆರಡು ವಾಪಸ್ ಬರಲ್ಲ. ಆದ್ರೆ ಬೀಳ್ತಾ ಇಲ್ಲ, ನಿಂತಿದೆ. ಹೀಗೇ ನೋಡ್ಕೊಂಡ್ರೆ ತುಂಬ ವರ್ಷ ನಿಲ್ಲುತ್ತೆ."

ನಾನು ಉಸಿರು ಬಿಟ್ಟೆ. ಅತ್ತಿಗೆ ತಲೆಯಾಡಿಸಿದರು, ಅಷ್ಟೇ.

ಕಿಡ್ನಿ ಡಾಕ್ಟರಿಗೆ ಕಳಿಸಬೇಕಾದ ಉತ್ತರವನ್ನು ಡಾಕ್ಟರಮ್ಮ ಅಲ್ಲೇ ಬರೆದು, ಸರಿಯಿದೆಯಾ ನೋಡಿ ಎಂದು ನಮಗೆ ಓದಿ ಹೇಳಿದರು. ಹಂತ, ಅಂಕಿಗಳು, ಈಗಿನ ಮಾತ್ರೆಗಳು. ಕೊನೆಯಲ್ಲಿ ಹೀಗಿತ್ತು: ‘ಐದು ದಿನಕ್ಕೆಂದು ನಾನು ಬರೆದ ಡೈಕ್ಲೋಫೆನಾಕ್ ಆರು ವರ್ಷ ಮುಂದುವರಿದದ್ದನ್ನು ನಾನು ಗಮನಿಸಲಿಲ್ಲ. ಇದು ನನ್ನ ಲೋಪ.’

"ಆ ಸಾಲು ತೆಗೀರಿ" ಎಂದರು ಅತ್ತಿಗೆ.

"ತೆಗೆಯಲ್ಲ. ನಡೆದಿದ್ದು ಅದು."

"ನಡೆದಿದ್ದು ಅದಲ್ಲ." ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಹಾಗಿದ್ರೆ ಇದನ್ನೂ ಬರೀರಿ. ಐದು ದಿನ ಅಂತ ಇದ್ದಿದ್ದನ್ನ ರೋಗಿ ಮೊದಲನೇ ದಿನವೇ ಓದಿದ್ರು. ಕಾಣಿಸ್ಲಿಲ್ಲ ಅಂದಿದ್ದು ಸುಳ್ಳು. ಮಾತ್ರೆ ಬಿಟ್ರೆ ಕೈ ಎತ್ತೋಕಾಗ್ತಿರ್ಲಿಲ್ಲ. ಕೈ ಎತ್ತದಿದ್ರೆ ಅಂಗಡಿ ಇಲ್ಲ. ನಿಮ್ಗೆ ಹೇಳಿದ್ರೆ ಬಿಡು ಅಂತೀರ. ಅದಕ್ಕೇ ಹೇಳ್ಲಿಲ್ಲ. ಪತ್ರ ಮುಚ್ಚಿಟ್ಟಿದ್ದೂ ಅದಕ್ಕೇ. ನಿಮ್ಗೆ ನೋವಾಗುತ್ತೆ ಅಂತ ಇವಳ ಹತ್ರ ಹೇಳ್ದೆ. ಅದೂ ನಿಜವೇ. ಆದ್ರೆ ಓದಿದ್ರೆ ನೀವು ಆ ಹಳೇ ಚೀಟಿ ಕೇಳ್ತೀರ ಅಂತ ಗೊತ್ತಿತ್ತು."

ನಾನು ಆರು ವರ್ಷ ಅದೇ ಎರಡಡಿ ಜಾಗದಲ್ಲಿ ಅವರ ಪಕ್ಕ ನಿಂತಿದ್ದವಳು. ಭುಜ ಇಷ್ಟೊಂದು ನೋಯುತ್ತದೆ ಎಂದು ಅವರು ಒಂದು ದಿನವೂ ನನ್ನ ಬಳಿ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಡಾಕ್ಟರಮ್ಮ ಅವರು ಹೇಳಿದ್ದನ್ನು ಬರೆಯಲೂ ಇಲ್ಲ, ತಮ್ಮ ಸಾಲನ್ನು ಹೊಡೆದುಹಾಕಲೂ ಇಲ್ಲ. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಈಗ ಆ ಮಾತ್ರೆ ಇಲ್ಲ. ನೋಯುತ್ತಾ?"

"ನೋಯುತ್ತೆ."

"ಎಷ್ಟು?"

ಅತ್ತಿಗೆ ಬಲಗೈಯನ್ನು ಎತ್ತಿ ತೋರಿಸಹೋದರು. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. ಅವರು ಅಲ್ಲಿಂದ ಶುರು ಮಾಡಿದರು, ಮುಚ್ಚಳ ಎತ್ತುವಾಗ ಎಲ್ಲಿ ಹಿಡಿಯುತ್ತದೆ, ಕೂದಲು ಬಾಚುವಾಗ ಹೇಗೆ, ಮಲಗಿದಾಗ ಯಾವ ಮಗ್ಗುಲಿಗೆ ತಿರುಗಲಾಗುವುದಿಲ್ಲ. ಹೊರಗೆ ಕಾಯುತ್ತಿದ್ದವರು ಯಾರೋ ಬಾಗಿಲು ತಟ್ಟಿದರು. ಡಾಕ್ಟರಮ್ಮ ಅತ್ತ ತಿರುಗದೆ, ಕುರ್ಚಿಯನ್ನು ಅತ್ತಿಗೆಯ ಹತ್ತಿರಕ್ಕೆ ಎಳೆದುಕೊಂಡರು.